ಹೆಸರಿಡುವ ಕಾರ್ಯಾಗಾರ: ನೂರು ಹೆಸರುಗಳಿಂದ ಮೂರಕ್ಕೆ ಇಳಿಯುವುದು ಹೇಗೆ

ಹೊಸ ಆ್ಯಪ್‌ಗೋ ಸಂಸ್ಥೆಗೋ ಹೆಸರು ಬೇಕು ಅಂದಾಗ ಸಾಮಾನ್ಯವಾಗಿ ಏನಾಗುತ್ತದೆ? ಎಲ್ಲರೂ ಒಂದು ಕೋಣೆಯಲ್ಲಿ ಕೂರುತ್ತಾರೆ. ಯಾರೋ ಒಂದು ಹೆಸರು ಹೇಳುತ್ತಾರೆ, ಇನ್ಯಾರೋ ನಗುತ್ತಾರೆ. ಹತ್ತನೇ ನಿಮಿಷಕ್ಕೆ ಮುಖ್ಯಸ್ಥರು ಒಂದು ಹೆಸರಿಗೆ "ಇದು ಚೆನ್ನಾಗಿದೆ" ಅನ್ನುತ್ತಾರೆ. ಅಲ್ಲಿಂದ ಮುಂದೆ ಬರುವ ಹೆಸರುಗಳೆಲ್ಲ ಅದರ ನೆಂಟರೇ. ನಾನು ನಡೆಸಿದ ಮೊದಲ ಕಾರ್ಯಾಗಾರ ಹೀಗೇ ಮುಗಿಯಿತು. ಆರಿಸಿದ ಹೆಸರು ಎರಡು ವಾರದ ನಂತರ ಬಿದ್ದುಹೋಯಿತು, ಯಾಕೆಂದರೆ ಅದೇ ಕೆಲಸ ಮಾಡುವ ಇನ್ನೊಬ್ಬರು ಅದನ್ನು ಆಗಲೇ ಬಳಸುತ್ತಿದ್ದರು.

ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಒಳ್ಳೆಯ ಹೆಸರು ಅಂದರೆ ಏನು ಎಂಬುದನ್ನು ಒಂದು ಹೆಸರೂ ಹುಟ್ಟುವ ಮೊದಲೇ ಬರೆದಿಡಬೇಕು. ಹೆಸರು ಕಣ್ಣಿಗೆ ಬಿದ್ದ ಮೇಲೆ ಅಳತೆಗೋಲು ಮಾಡಲು ಕೂತರೆ, ನಮಗೆ ಇಷ್ಟವಾದ ಹೆಸರು ಗೆಲ್ಲುವ ಹಾಗೆಯೇ ಅದನ್ನು ಮಾಡುತ್ತೇವೆ. ಬೇಕಂತಲೇ ಅಲ್ಲ, ಗೊತ್ತಿಲ್ಲದೆಯೇ.

ವಿವರಿಸಲು ಒಂದು ತಂಡವನ್ನು ಊಹಿಸಿಕೊಳ್ಳೋಣ. ಆರು ಜನರ ತಂಡ. ಅಕ್ಕಪಕ್ಕದ ಮನೆಯವರು ಏಣಿ, ಡ್ರಿಲ್ ಮಷಿನ್, ಸ್ಪ್ಯಾನರ್ ಸೆಟ್ ಇಂಥವನ್ನು ಒಬ್ಬರಿಗೊಬ್ಬರು ಕೊಟ್ಟು ತಗೊಳ್ಳಲು ಒಂದು ಆ್ಯಪ್ ಮಾಡುತ್ತಿದ್ದಾರೆ. ಬಳಸುವವರು ಕನ್ನಡ ಮಾತಾಡುವವರು, ಆದರೆ ಫೋನಿನಲ್ಲಿ ಹುಡುಕುವಾಗ ಹೆಚ್ಚಿನವರು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುತ್ತಾರೆ. ಈ ಸಣ್ಣ ವಿಷಯ ಮುಂದೆ ದೊಡ್ಡದಾಗುತ್ತದೆ, ನೆನಪಿರಲಿ.

ಕೂರುವ ಮೊದಲು

ಒಂದು ಪುಟದ ಬ್ರೀಫ್ ಬರೆಯಿರಿ. ಹೆಸರಿಡುತ್ತಿರುವುದು ಯಾವುದಕ್ಕೆ, ಅದನ್ನು ಬಾಯಲ್ಲಿ ಹೇಳುವವರು ಯಾರು, ಮೂರು ವರ್ಷದ ನಂತರ ಇದು ಏನಾಗಬಹುದು, ಕೊನೆಯ ತೀರ್ಮಾನ ಯಾರದು. ನಮ್ಮ ತಂಡದ ಬ್ರೀಫ್‌ನಲ್ಲಿ ಒಂದು ಸಾಲು ಮುಖ್ಯ: ಮುಂದೆ ಸಲಕರಣೆಗಳ ಜೊತೆಗೆ, ರಿಪೇರಿ ಗೊತ್ತಿರುವವರ ಸಹಾಯವನ್ನೂ ಇದೇ ಆ್ಯಪ್‌ನಲ್ಲಿ ಸೇರಿಸುವ ಯೋಚನೆ ಇದೆ. ಈ ಸಾಲು ಇಲ್ಲದಿದ್ದರೆ ಸಲಕರಣೆಗೆ ಮಾತ್ರ ಹೊಂದುವ ಹೆಸರು ಸುಲಭವಾಗಿ ಗೆದ್ದುಬಿಡುತ್ತದೆ.

ಅದೇ ಪುಟದ ಹಿಂದೆ ಅಳತೆಗೋಲು ಬರಲಿ. ನಾಲ್ಕು ಮಾನದಂಡ ಸಾಕು. ಹತ್ತು ಇಟ್ಟರೆ ಎಲ್ಲ ಹೆಸರೂ ನಡುವಿನ ಅಂಕಕ್ಕೆ ಬಂದು ನಿಲ್ಲುತ್ತದೆ. ನಮ್ಮ ತಂಡ ಇಟ್ಟುಕೊಂಡದ್ದು ಇವು: ಕೇಳಿದವರು ಸರಿಯಾಗಿ ಬರೆಯಬಲ್ಲರೇ, ಹೆಸರು ಕೆಲಸದ ಸುಳಿವು ಕೊಡುತ್ತದೆಯೇ, ಬೇರೆಯವರಿಂದ ಬೇರೆಯಾಗಿ ನಿಲ್ಲುತ್ತದೆಯೇ, ಮುಂದೆ ಬೆಳೆಯಲು ಜಾಗ ಇದೆಯೇ. ಒಟ್ಟು ಹತ್ತು ತೂಕವನ್ನು ಹಂಚಿದರು. ಮೊದಲನೆಯದಕ್ಕೆ 3, ಸುಳಿವಿಗೆ 2, ಬೇರೆಯಾಗಿ ನಿಲ್ಲುವುದಕ್ಕೆ 3, ಬೆಳೆಯುವ ಜಾಗಕ್ಕೆ 2. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ.

ಬರೀ "1ರಿಂದ 5" ಅಂದರೆ ಸಾಲದು. 5 ಅಂದರೇನು, 1 ಅಂದರೇನು ಎಂದು ವಾಕ್ಯದಲ್ಲಿ ಬರೆಯಿರಿ. ಬೇರೆಯಾಗಿ ನಿಲ್ಲುವುದಕ್ಕೆ: 5 ಅಂದರೆ ಈ ರೀತಿಯ ಸೇವೆಯಲ್ಲಿ ಈ ಪದ, ಇದರ ಹತ್ತಿರದ ಪದ ಯಾರೂ ಬಳಸುತ್ತಿಲ್ಲ. 1 ಅಂದರೆ ಈ ಸೇವೆ ಬಗ್ಗೆ ಮಾತಾಡುವ ಯಾರೇ ಆದರೂ ಈ ಪದ ಬಳಸಲೇಬೇಕು. ಹೀಗೆ ಬರೆಯದಿದ್ದರೆ ಒಬ್ಬರ 3 ಇನ್ನೊಬ್ಬರ 5 ಆಗಿರುತ್ತದೆ, ಸರಾಸರಿಗೆ ಅರ್ಥವೇ ಇರುವುದಿಲ್ಲ.

ಇನ್ನು ಎರಡು ನಿಯಮಗಳನ್ನೂ ಈಗಲೇ ಬರೆದಿಡಿ. ಒಂದು, ಅಂಕಕ್ಕೇ ಬರದ ಹೆಸರುಗಳು ಯಾವುವು ಎಂದು. ಅದೇ ಕ್ಷೇತ್ರದಲ್ಲಿ ಅದೇ ಹೆಸರು ಇದ್ದರೆ ಅಥವಾ ಬಳಕೆದಾರರ ಇನ್ನೊಂದು ಭಾಷೆಯಲ್ಲಿ ಕೆಟ್ಟ ಅರ್ಥ ಇದ್ದರೆ ಅದು ನೇರವಾಗಿ ಹೊರಗೆ. ಮಿತ್ಸುಬಿಷಿ ಕಂಪನಿಯ ಪಜೇರೋ ಕಾರು ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ಮೊಂಟೆರೋ ಆದದ್ದು ಇಂಥ ಕೆಟ್ಟ ಅರ್ಥದ ಕಾರಣಕ್ಕೇ. ಎರಡು, ಯಾವುದೇ ಮಾನದಂಡದಲ್ಲಿ ಸರಾಸರಿ 2ಕ್ಕಿಂತ ಕೆಳಗೆ ಹೋದ ಹೆಸರು, ಒಟ್ಟು ಅಂಕ ಎಷ್ಟೇ ಇರಲಿ, ಕೊನೆಯ ಪಟ್ಟಿಗೆ ಬರುವುದಿಲ್ಲ. ಈ ಎರಡನೆಯದು ಮೊದಲಿಗೆ ಕಠಿಣ ಅನ್ನಿಸುತ್ತದೆ. ಯಾಕೆ ಬೇಕು ಅನ್ನುವುದು ಅಂಕಗಳನ್ನು ನೋಡಿದಾಗ ತಿಳಿಯುತ್ತದೆ.

ತೀರ್ಮಾನ ಮಾಡುವವರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಬ್ರೀಫ್ ಮತ್ತು ಅಳತೆಗೋಲು ಬರೆಯುವಾಗ ಅವರು ಇರಲೇಬೇಕು. ಹೆಸರು ಬರೆಯುವಾಗ, ಅಂಕ ಹಾಕುವಾಗ ಇರಬಾರದು. ಅವರ ಹುಬ್ಬು ಏರಿದರೂ ಸಾಕು, ಕೋಣೆಯ ಅಂಕ ಬದಲಾಗುತ್ತದೆ.

ಮೊದಲ ದಿನ: ಮಾತಿಲ್ಲದೆ ಬರೆಯುವುದು

ಒಂದೂವರೆ ಗಂಟೆ ಸಾಕು. ಐದರಿಂದ ಏಳು ಜನ ಇರಲಿ. ಅವರಲ್ಲಿ ಒಬ್ಬರಾದರೂ ಬಳಕೆದಾರರ ಜೊತೆ ದಿನಾ ಮಾತಾಡುವವರಾಗಿರಲಿ, ಜನ ಬಳಸುವ ಪದ ಅವರ ಕಿವಿಯಲ್ಲಿರುತ್ತದೆ.

ಎಲ್ಲರೂ ಒಟ್ಟಿಗೆ ಕೂಗಿ ಹೇಳುವ ಪದ್ಧತಿ ಬೇಡ. ಮೈಕೆಲ್ ಡೀಲ್ ಮತ್ತು ವೊಲ್ಫ್‌ಗ್ಯಾಂಗ್ ಸ್ಟ್ರೋಬೆ ಎಂಬ ಸಂಶೋಧಕರು 1987ರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಗುಂಪಾಗಿ ಮಾತಾಡುತ್ತ ಯೋಚಿಸಿದವರಿಗಿಂತ, ಅಷ್ಟೇ ಜನ ಬೇರೆಬೇರೆ ಕೂತು ಯೋಚಿಸಿದಾಗ ಹೆಚ್ಚು ಐಡಿಯಾ ಬಂದವು. ಅವರು ಕಂಡ ಮುಖ್ಯ ಕಾರಣ ಸರಳವಾದದ್ದು. ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಉಳಿದವರು ತಮ್ಮ ಸರದಿಗೆ ಕಾಯುತ್ತಾರೆ, ಕಾಯುವಾಗ ಯೋಚನೆ ನಿಂತುಹೋಗುತ್ತದೆ.

ಮೊದಲ 20 ನಿಮಿಷ ಒಬ್ಬೊಬ್ಬರೇ ಬರೆಯಲಿ. ಸುಮ್ನೆ "ಹೆಸರು ಬರೆಯಿರಿ" ಅಂದರೆ ಕೈ ಓಡುವುದಿಲ್ಲ, ಅದಕ್ಕೆ ದಿಕ್ಕು ಕೊಡಿ. ನಮ್ಮ ತಂಡಕ್ಕೆ ಕೊಟ್ಟ ದಿಕ್ಕು ಮೂರು. ಮೊದಲನೆಯದು ವಸ್ತುಗಳು ಮತ್ತು ಅವು ಇರುವ ಜಾಗ: ಏಣಿ, ಸುತ್ತಿಗೆ, ಅಟ್ಟ. ಎರಡನೆಯದು ನಡೆಯುವ ಕೆಲಸ: ಎರವಲು, ಹಂಚು, ಕೈಗಡ, ಮರಳಿ. ಮೂರನೆಯದು ಆ ಹೊತ್ತಿನಲ್ಲಿ ಬಾಯಿಂದ ಬರುವ ಮಾತು: "ನಾಳೆ ಕೊಡ್ತೀನಿ", "ಒಂದ್ನಿಮಿಷ". ಮೂರನೇ ದಿಕ್ಕು ನನಗೆ ಯಾವಾಗಲೂ ಇಷ್ಟ. ಅದರಲ್ಲಿ ಗೆಲ್ಲುವ ಹೆಸರು ಕಡಿಮೆ, ಆದರೆ ತಂಡದ ಕಿವಿ ತೆರೆಯುವುದು ಅಲ್ಲಿಯೇ.

ಆಮೇಲೆ ಹಾಳೆ ದಾಟಿಸುವ ಸುತ್ತು. ಇದನ್ನು 6-3-5 ಪದ್ಧತಿ ಅನ್ನುತ್ತಾರೆ. ಜರ್ಮನಿಯ ಬರ್ಂಡ್ ರೋರ್‌ಬಾಖ್ 1968ರಲ್ಲಿ ಇದನ್ನು ಪ್ರಕಟಿಸಿದರು. ಆರು ಜನ, ಒಬ್ಬೊಬ್ಬರು ಮೂರು ಹೆಸರು, ಐದು ನಿಮಿಷ. ಐದು ನಿಮಿಷ ಆದ ಮೇಲೆ ಹಾಳೆ ಪಕ್ಕದವರಿಗೆ ಹೋಗುತ್ತದೆ. ಅವರು ಮೇಲಿನ ಹೆಸರುಗಳನ್ನು ಓದಿ, ಅವುಗಳಿಂದ ಹೊಳೆದ ಮೂರನ್ನು ಕೆಳಗೆ ಬರೆಯುತ್ತಾರೆ. ಆರು ಸುತ್ತಿಗೆ ಅರ್ಧ ಗಂಟೆ, ಎಲ್ಲ ಜಾಗ ತುಂಬಿದರೆ 108 ಹೆಸರು. ಎಲ್ಲವೂ ತುಂಬುವುದು ಅಪರೂಪ. ನಾಲ್ಕನೇ ಸುತ್ತಿನಲ್ಲಿ ಜನ ಬಳಲುತ್ತಾರೆ, ಜಾಗ ಖಾಲಿ ಬಿಟ್ಟರೂ ಬಿಡಲಿ. ಆದರೆ ಸುತ್ತು ನಿಲ್ಲಿಸಬೇಡಿ. ಮೊದಲು ಹೊಳೆಯುವ ಪದ ಎಲ್ಲರಿಗೂ ಹೊಳೆಯುವಂಥದ್ದು. ಅವು ಖಾಲಿಯಾದ ಮೇಲೆಯೇ ಬೇರೆ ಜಾಗ ತಡಕಾಡುತ್ತೇವೆ.

ನಮ್ಮ ತಂಡಕ್ಕೆ ಒಬ್ಬೊಬ್ಬರೇ ಬರೆದದ್ದು 47, ಹಾಳೆಯಲ್ಲಿ 86, ಒಟ್ಟು 133 ಬಂದವು ಅಂದುಕೊಳ್ಳಿ. ನಡೆಸುವವರು ಇವನ್ನೆಲ್ಲ ಒಂದೇ ಅಕ್ಷರಶೈಲಿಯಲ್ಲಿ, ಅಕಾರಾದಿಯಾಗಿ, ಯಾರು ಬರೆದರು ಎಂಬುದಿಲ್ಲದೆ ಮತ್ತೆ ಬರೆಯಬೇಕು. ಕೈಬರಹ ಕಂಡರೆ ಹೆಸರಿನ ಹಿಂದೆ ಮನುಷ್ಯ ಕಾಣುತ್ತಾನೆ. ಎರಡೆರಡು ಸಲ ಬಂದವನ್ನು ಸೇರಿಸಿದಾಗ 97 ಉಳಿದವು. ಒಂದು ಹೆಸರನ್ನು ನಾಲ್ಕು ಜನ ಬೇರೆಬೇರೆಯಾಗಿ ಬರೆದಿದ್ದರೆ ಖುಷಿಪಡಬೇಡಿ. ನಿಮ್ಮ ಕೋಣೆಯಲ್ಲಿ ನಾಲ್ವರಿಗೆ ಹೊಳೆದದ್ದು ಹೊರಗೂ ಯಾರಿಗೋ ಹೊಳೆದಿರುವ ಸಾಧ್ಯತೆ ಜಾಸ್ತಿ.

ಈಗ ಮತ. ಒಬ್ಬೊಬ್ಬರಿಗೆ ಎಂಟು ಮತ, ಒಂದು ಹೆಸರಿಗೆ ಒಂದೇ. ಮೊದಲು ತಮ್ಮ ಹಾಳೆಯಲ್ಲಿ ಗುರುತು ಮಾಡಿಕೊಂಡು, ನಂತರ ಎಲ್ಲರೂ ಒಟ್ಟಿಗೆ ಚುಕ್ಕಿ ಅಂಟಿಸಲಿ. ಒಬ್ಬರಾದ ಮೇಲೆ ಒಬ್ಬರು ಹೋದರೆ ಕೊನೆಯವರು ಚುಕ್ಕಿ ಜಾಸ್ತಿ ಇರುವ ಕಡೆಗೇ ವಾಲುತ್ತಾರೆ. ಎರಡು ಅಥವಾ ಹೆಚ್ಚು ಮತ ಬಂದ 14 ಹೆಸರು ಉಳಿದವು. ಇದರ ಮೇಲೆ ಪ್ರತಿಯೊಬ್ಬರಿಗೂ ಒಂದು ಹೆಸರನ್ನು ಕಾರಣ ಹೇಳದೆ ಉಳಿಸಿಕೊಳ್ಳುವ ಹಕ್ಕು ಕೊಡಿ. ಮತ ಹಾಕುವಾಗ ಪರಿಚಿತ ಹೆಸರು ಗೆಲ್ಲುತ್ತದೆ, ವಿಚಿತ್ರ ಅನ್ನಿಸಿದ್ದು ಸೋಲುತ್ತದೆ. ವಿಚಿತ್ರವಾದವುಗಳಲ್ಲಿ ಕೆಲವು ಗಟ್ಟಿ ಹೆಸರುಗಳಿರುತ್ತವೆ. "ಏಣಿ"ಗೆ ಬಂದದ್ದು ಒಂದೇ ಮತ. ಅದು ಉಳಿದದ್ದು ಈ ಹಕ್ಕಿನಿಂದ. ನಾಲ್ವರು ಹಕ್ಕು ಬಳಸಿದರು, ಪಟ್ಟಿ 18 ಆಯಿತು.

ನಡುವಿನ ದಿನ

ಅಂಕ ಹಾಕುವುದನ್ನು ಅದೇ ದಿನ ಮಾಡಬೇಡಿ. ನಡುವೆ ಒಂದೆರಡು ದಿನ ಬೇಕು, ನಡೆಸುವವರಿಗೆ ಎರಡು ಕೆಲಸ ಇದೆ.

ಮೊದಲನೆಯದು ಹುಡುಕಾಟ. 18 ಹೆಸರನ್ನೂ ಸರ್ಚ್ ಎಂಜಿನ್, ಆ್ಯಪ್ ಸ್ಟೋರ್, ಡೊಮೇನ್ ಮತ್ತು ನಿಮ್ಮ ದೇಶದ ಟ್ರೇಡ್‌ಮಾರ್ಕ್ ನೋಂದಣಿಯ ಪಟ್ಟಿಯಲ್ಲಿ ನೋಡಿ. ಟ್ರೇಡ್‌ಮಾರ್ಕ್‌ಗಳನ್ನು ಸರಕು ಮತ್ತು ಸೇವೆಯ ಪ್ರಕಾರ 45 ವರ್ಗಗಳಾಗಿ ವಿಂಗಡಿಸಿರುತ್ತಾರೆ. ಇದಕ್ಕೆ ನೀಸ್ ವರ್ಗೀಕರಣ ಎಂದು ಹೆಸರು. ಪೂರಾ ಬೇರೆ ವರ್ಗದಲ್ಲಿ, ಬೇರೆಯೇ ವ್ಯಾಪಾರದಲ್ಲಿ ಅದೇ ಪದ ಇದ್ದರೆ ಪರವಾಗಿಲ್ಲದಿರಬಹುದು. ನಿಮ್ಮ ವರ್ಗದಲ್ಲಿ ಇದ್ದರೆ, ಕಾಗುಣಿತ ಬೇರೆ ಇದ್ದು ಉಚ್ಚಾರಣೆ ಒಂದೇ ಆಗಿದ್ದರೂ ತೊಂದರೆ. ಇದು ಮೊದಲ ಜರಡಿ ಅಷ್ಟೇ, ವಕೀಲರ ತಪಾಸಣೆಗೆ ಬದಲಿ ಅಲ್ಲ.

ಎರಡನೆಯದು ಫೋನ್ ಪರೀಕ್ಷೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಕಲಿಸುವ ಹೆಜ್ಜೆ ಇದು. ತಂಡಕ್ಕೆ ಸೇರದ ಐದು ಜನರಿಗೆ ಫೋನ್ ಮಾಡಿ. ಹೆಸರನ್ನು ಒಂದು ಸಲ ವಾಕ್ಯದಲ್ಲಿ ಹೇಳಿ: "ನಾನು ಏಣಿ ಅನ್ನೋ ಆ್ಯಪ್ ಹಾಕಿಕೊಂಡೆ." ಕೇಳಿದ್ದನ್ನು ಹುಡುಕುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಲು ಹೇಳಿ. ತಿದ್ದಬೇಡಿ, ಮತ್ತೆ ಹೇಳಬೇಡಿ.

"ಏಣಿ"ಗೆ ಮೂವರು `eni` ಎಂದು ಕಳಿಸಿದರು. ಒಬ್ಬರು `yeni`, ಇನ್ನೊಬ್ಬರು `aeni`. "ಎರವಲು"ವಿಗೆ ನಾಲ್ವರು `eravalu`, ಒಬ್ಬರು `yeravalu`. ಪದದ ಮೊದಲಿಗೆ ಎ, ಏ ಬಂದರೆ ಆಡುಮಾತಿನಲ್ಲಿ ಯ ನುಸುಳುತ್ತದೆ, ಬರೆಯುವಾಗ ಅದು ಹೊರಬರುತ್ತದೆ. "ಮರಳಿ" ಅಂದದ್ದು ಮೂವರಿಗೆ "ಮುರಳಿ" ಎಂದು ಕೇಳಿಸಿತು. ಅದನ್ನು ಅಲ್ಲಿಗೇ ಬಿಟ್ಟರು. "ಹಂಚು" ಬರೆಯಲು ಸುಲಭ, ಆದರೆ ಏನು ನೆನಪಾಯಿತು ಎಂದು ಕೇಳಿದರೆ ಇಬ್ಬರು ಮನೆಯ ಮಾಡು ಅಂದರು. ಕೋಣೆಯಲ್ಲಿ ಎಲ್ಲರೂ ಹಂಚಿಕೊಳ್ಳುವುದನ್ನೇ ಯೋಚಿಸುತ್ತಿದ್ದರಿಂದ ಆ ಅರ್ಥ ಒಬ್ಬರಿಗೂ ಹೊಳೆದಿರಲಿಲ್ಲ.

ಐವರಲ್ಲಿ ಎಷ್ಟು ಜನ ಒಂದೇ ರೀತಿ ಬರೆದರೋ ಅದೇ ಮೊದಲ ಮಾನದಂಡದ ಅಂಕ. ಐವರೂ ಒಂದೇ ರೀತಿ ಬರೆದರೆ 5, ಮೂವರು ಬರೆದರೆ 3. ಅಳತೆಯಿಂದ ಬಂದ ಅಂಕದ ಬಗ್ಗೆ ವಾದ ಮಾಡಬೇಕಾಗಿಲ್ಲ, ಅಲ್ವಾ? ಎರಡೂ ಜರಡಿ ದಾಟಿ ಏಳು ಹೆಸರು ಉಳಿದವು.

ಎರಡನೇ ದಿನ: ಅಂಕ

ಉಳಿದ ಮೂರು ಮಾನದಂಡಗಳಿಗೆ ಆರೂ ಜನ ಮಾತಾಡದೆ ತಮ್ಮ ತಮ್ಮ ಹಾಳೆಯಲ್ಲಿ ಅಂಕ ಹಾಕಲಿ. ಒಂದು ಹೆಸರಿಗೆ ಎಲ್ಲ ಮಾನದಂಡವನ್ನೂ ಹಾಕಿ ಮುಂದಿನ ಹೆಸರಿಗೆ ಹೋಗಬೇಡಿ. ಒಂದು ಮಾನದಂಡ ಹಿಡಿದು ಏಳೂ ಹೆಸರಿಗೆ ಹಾಕಿ, ಆಮೇಲೆ ಮುಂದಿನ ಮಾನದಂಡ. ಇಲ್ಲದಿದ್ದರೆ ಇಷ್ಟವಾದ ಹೆಸರಿಗೆ ಅಡ್ಡಸಾಲಿನ ಉದ್ದಕ್ಕೂ 5 ಬೀಳುತ್ತದೆ.

ಸ್ಪ್ರೆಡ್‌ಶೀಟ್‌ನ ಮೊದಲ ಸಾಲಿನಲ್ಲಿ ತೂಕಗಳಿರಲಿ, ಅದರ ಕೆಳಗೆ ಒಂದೊಂದು ಹೆಸರಿನ ಸರಾಸರಿ ಅಂಕಗಳು. ಎರಡನೇ ಸಾಲಿನ ಹೆಸರಿಗೆ ಒಟ್ಟು ಹೀಗೆ ಬರುತ್ತದೆ:

```
=SUMPRODUCT(B2:E2,$B$1:$E$1)
```

ಏಳರಲ್ಲಿ ಮೇಲಿನ ನಾಲ್ಕು ಇಲ್ಲಿವೆ. ಗರಿಷ್ಠ 50.

| ಹೆಸರು | ಕೇಳಿ ಬರೆಯುವುದು (3) | ಸುಳಿವು (2) | ಬೇರೆಯಾಗಿ ನಿಲ್ಲುವುದು (3) | ಬೆಳೆಯುವ ಜಾಗ (2) | ಒಟ್ಟು |
|---|---|---|---|---|---|
| ಕೈಗಡ | 4 | 4 | 3.5 | 2.5 | 35.5 |
| ಅಟ್ಟ | 4 | 3 | 3 | 4 | 35 |
| ಏಣಿ | 3 | 3 | 4.5 | 3 | 34.5 |
| ಎರವಲು | 4 | 5 | 1.5 | 3.5 | 33.5 |

ಇಲ್ಲಿಗೆ ನಿಲ್ಲಿಸಿ "ಕೈಗಡ ಗೆದ್ದಿತು" ಅನ್ನುವವರೇ ಹೆಚ್ಚು. ಅದು ತಪ್ಪು. ಆರು ಜನರ ಅಂದಾಜಿನಿಂದ ಬಂದ ಅಂಕದಲ್ಲಿ ಅರ್ಧ ಅಂಕದ ವ್ಯತ್ಯಾಸಕ್ಕೆ ಬೆಲೆಯಿಲ್ಲ. ಒಬ್ಬರು ಒಂದು ಕಡೆ ಒಂದು ಅಂಕ ಬದಲಿಸಿದರೆ ಅಷ್ಟು ಅಲುಗಾಡುತ್ತದೆ. ಪಟ್ಟಿಯಿಂದ ಕಲಿಯಬೇಕಾದದ್ದು ಬೇರೆ ಇದೆ.

ಮೊದಲು ಸರಾಸರಿಯ ಹಿಂದೆ ನೋಡಿ. ಸುಳಿವಿನಲ್ಲಿ ಅಟ್ಟಕ್ಕೂ 3, ಏಣಿಗೂ 3. ಏಣಿಗೆ ಆರೂ ಜನ 3 ಕೊಟ್ಟಿದ್ದರು. ಅಟ್ಟಕ್ಕೆ ಬಂದದ್ದು 5, 5, 5, 1, 1, 1. ಅಂದರೆ ಅಟ್ಟಕ್ಕೆ 3 ಎಂಬ ಅಂಕವನ್ನು ಯಾರೂ ಕೊಟ್ಟೇ ಇಲ್ಲ. ಹೆಚ್ಚಿನ ಅಂಕಕ್ಕೂ ಕಡಿಮೆ ಅಂಕಕ್ಕೂ ನಡುವೆ 3 ಅಥವಾ ಹೆಚ್ಚು ಅಂತರ ಇರುವ ಚೌಕಗಳಿಗೆ ಬಣ್ಣ ಹಾಕಿ, ಅವುಗಳ ಬಗ್ಗೆ ಮಾತ್ರ ಮಾತಾಡಿ. ಉಳಿದವನ್ನು ಚರ್ಚಿಸಿದರೆ ಸಮಯ ಹೋಗುತ್ತದೆ, ಅಂಕ ಬದಲಾಗುವುದಿಲ್ಲ.

ಮೊದಲು ಕಡಿಮೆ ಕೊಟ್ಟವರು ಮಾತಾಡಲಿ. ಇಲ್ಲಿ ಕಾರಣ ಬೇಗ ಗೊತ್ತಾಯಿತು. 5 ಕೊಟ್ಟ ಮೂವರೂ ಅಟ್ಟ ಇರುವ ಮನೆಯಲ್ಲಿ ಬೆಳೆದವರು. ಅಟ್ಟ ಅಂದರೆ ಅವರಿಗೆ ಬಳಸದೆ ಬಿದ್ದಿರುವ ಸಾಮಾನು ಕಣ್ಣಿಗೆ ಬರುತ್ತದೆ. ಫ್ಲಾಟ್‌ನಲ್ಲಿ ಬೆಳೆದ ಮೂವರಿಗೆ ಆ ಚಿತ್ರವೇ ಇಲ್ಲ. ಒಬ್ಬರು ಇನ್ನೊಂದು ಮಾತು ಸೇರಿಸಿದರು: `atta` ಎಂದು ಹುಡುಕಿದರೆ ಬರುವುದು ಹಿಟ್ಟು, ಹಿಂದಿಯಲ್ಲಿ ಅದಕ್ಕೆ ಅದೇ ಅರ್ಥ. ಕೆಟ್ಟ ಅರ್ಥವಲ್ಲ, ಹಾಗಾಗಿ ಹೆಸರು ಹೊರಗೆ ಬೀಳುವುದಿಲ್ಲ. ಆದರೆ ಹುಡುಕಾಟದಲ್ಲಿ ಹೂತುಹೋಗುತ್ತದೆ.

ಮಾತು ಮುಗಿದ ಮೇಲೆ ಬಣ್ಣ ಹಾಕಿದ ಚೌಕಗಳಿಗೆ ಮಾತ್ರ ಮತ್ತೆ ಒಂದು ಸಲ, ಮತ್ತೆ ಮೌನವಾಗಿ ಅಂಕ ಹಾಕಿಸಿ. ಎರಡನೇ ಸಲ ಸಾಕು, ಮೂರನೇ ಸಲಕ್ಕೆ ಹೋದರೆ ಜನ ಸುಸ್ತಾಗಿ ಒಪ್ಪಿಕೊಳ್ಳುತ್ತಾರೆ. ಅಟ್ಟಕ್ಕೆ 4, 3, 3, 2, 2, 1 ಬಂತು, ಸರಾಸರಿ 2.5. ಒಟ್ಟು 34ಕ್ಕೆ ಇಳಿದು ಏಣಿಯ ಕೆಳಗೆ ಹೋಯಿತು.

ಎರಡನೆಯದಾಗಿ ತೂಕಗಳನ್ನು ಅಲುಗಾಡಿಸಿ ನೋಡಿ. ಸುಳಿವಿಗೆ 3, ಬೇರೆಯಾಗಿ ನಿಲ್ಲುವುದಕ್ಕೆ 2 ಎಂದು ಅದಲುಬದಲು ಮಾಡಿದರೆ ಕೈಗಡಕ್ಕೆ 36, ಏಣಿಗೆ 33 ಬರುತ್ತದೆ. ಎರವಲು ಮಾತ್ರ ಕೊನೆಯಿಂದ ಎದ್ದು 37ರೊಂದಿಗೆ ಮೊದಲಿಗೆ ಬರುತ್ತದೆ. ಒಂದೇ ಒಂದು ತೂಕ ಬದಲಾದರೆ ಪಟ್ಟಿ ತಲೆಕೆಳಗು. "ಅಂಕ ಹೇಳುತ್ತಿದೆ" ಎಂದು ಯಾರಾದರೂ ಗಟ್ಟಿಯಾಗಿ ಹೇಳಿದಾಗ ಇದನ್ನು ಮಾಡಿ ತೋರಿಸಿ.

ಹಾಗಾದರೆ ಎರವಲು ಒಳಗೋ ಹೊರಗೋ? ಇಲ್ಲಿ ಮೊದಲೇ ಬರೆದಿಟ್ಟ ನಿಯಮ ಕೆಲಸಕ್ಕೆ ಬರುತ್ತದೆ. ಬೇರೆಯಾಗಿ ನಿಲ್ಲುವುದರಲ್ಲಿ ಅದಕ್ಕೆ 1.5, ಅಂದರೆ 2ಕ್ಕಿಂತ ಕಡಿಮೆ. ಎರವಲು ಕೊಡುವ ಆ್ಯಪ್‌ಗೆ ಎರವಲು ಎಂದೇ ಹೆಸರಿಟ್ಟರೆ ಕೇಳಿದ ತಕ್ಷಣ ಅರ್ಥವಾಗುತ್ತದೆ. ಆದರೆ ಸೇವೆಯನ್ನೇ ವರ್ಣಿಸುವ ಪದವನ್ನು ಟ್ರೇಡ್‌ಮಾರ್ಕ್ ಆಗಿ ಕಾಪಾಡಿಕೊಳ್ಳುವುದು ಬಹಳ ಕಷ್ಟ. ನಾಳೆ ಇನ್ನೊಬ್ಬರು ಅದೇ ಸೇವೆ ಶುರು ಮಾಡಿ ಅದೇ ಪದ ಬಳಸಿದರೆ ತಡೆಯಲು ಆಗದಿರಬಹುದು. ಸುಳಿವಿಗೆ ಬಂದ 5 ಈ ಕೊರತೆಯನ್ನು ತುಂಬುವುದಿಲ್ಲ. ಒಟ್ಟು ಅಂಕ ಮಾತ್ರ ಅದನ್ನು ಮುಚ್ಚಿಹಾಕುತ್ತದೆ.

ಕೈಗಡದ ಕಥೆಯೂ ಇದೇ ಬಗೆಯದು. ಪತ್ರವಿಲ್ಲದೆ ನಂಬಿಕೆಯ ಮೇಲೆ ಕೊಡುವುದು ಎಂಬ ಭಾವ ಅದರಲ್ಲಿ ಚೆನ್ನಾಗಿದೆ. ಆದರೆ ಆ ಪದ ಹಣದ ಸಾಲಕ್ಕೇ ಅಂಟಿಕೊಂಡಿದೆ. ರಿಪೇರಿ ಗೊತ್ತಿರುವವರನ್ನು ಸೇರಿಸಿದ ದಿನ ಅದು ಹೊಂದುವುದಿಲ್ಲ. ಬೆಳೆಯುವ ಜಾಗದ 2.5 ಹೇಳುತ್ತಿರುವುದು ಅದನ್ನೇ.

ಏನನ್ನು ಒಪ್ಪಿಸಬೇಕು

ಕೊನೆಯ ಪಟ್ಟಿ: ಕೈಗಡ, ಏಣಿ, ಅಟ್ಟ. ತೀರ್ಮಾನ ಮಾಡುವವರಿಗೆ ಒಟ್ಟು ಅಂಕವನ್ನು ಮಾತ್ರ ಕಳಿಸಬೇಡಿ. ಒಂದೊಂದು ಹೆಸರಿಗೂ ಅರ್ಧ ಪುಟ ಕೊಡಿ. ನಾಲ್ಕು ಅಂಕ, ಫೋನ್ ಪರೀಕ್ಷೆಯಲ್ಲಿ ಜನ ಟೈಪ್ ಮಾಡಿದ್ದು ಹಾಗೆಯೇ, ಹುಡುಕಾಟದಲ್ಲಿ ಸಿಕ್ಕ ಹತ್ತಿರದ ಹೆಸರುಗಳು, ತಂಡದಲ್ಲಿ ಒಪ್ಪದವರ ಕಾರಣ ಅವರದೇ ಮಾತಿನಲ್ಲಿ. ಏಣಿಯ ಪುಟದಲ್ಲಿ `eni` ಜೊತೆಗೆ `yeni` ಎಂಬ ವಿಳಾಸವನ್ನೂ ತಗೊಳ್ಳಬೇಕಾದೀತು ಎಂದು ಬರೆದಿರಲಿ.

ಮೂರನ್ನೂ ಒಟ್ಟಿಗೇ ವಕೀಲರಿಗೆ ಕೊಡಿ, ಒಂದೊಂದಾಗಿ ಅಲ್ಲ. ಒಂದು ಬಿದ್ದರೆ ಉಳಿದ ಎರಡರ ಮೇಲೆ ಕೆಲಸ ಆಗಲೇ ನಡೆಯುತ್ತಿರುತ್ತದೆ. ಮೂರೂ ಬಿದ್ದರೆ 97 ಹೆಸರಿನ ಹಾಳೆ ಇನ್ನೂ ನಿಮ್ಮ ಹತ್ತಿರವೇ ಇದೆ. ಮತ ಎಣಿಸಿದ ದಿನವೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ.